ಭಜನೆಗೆ ಕೂತ ಜೋಗುಳ

ಚನ್ನಗಿರಿಯ ನನ್ನ ರೆಕಾರ್ಡಿಂಗ್ ಅಂಗಡಿಯಲ್ಲಿ ಕತ್ತಲಗೆರೆಯ ಭಜನಾ ತಂಡದ ಹಾಡಿಗೆ ಕರೋಕೆ ಮಾಡುತ್ತಿದ್ದೆ. ಹಾಡು, ಸಾಹಿತ್ಯ ಎರಡನ್ನೂ ಕೊಟ್ಟರೆ ಹಾಡಿನ ಜೊತೆಗೆ ಪರದೆಯ ಮೇಲೆ ಯಾವ ಸಾಲು ಯಾವಾಗ ಬಣ್ಣ ಬದಲಿಸಬೇಕೆಂದು ಸಾಫ್ಟ್‌ವೇರೇ ಗುರುತಿಸುತ್ತದೆ.

ತಂಡದ ಹಿರಿಯರೊಬ್ಬರು ಪರದೆ ನೋಡಿ ಮುಖ ಸಿಂಡರಿಸಿದರು. “ಹಾಡು ಇನ್ನೂ ಮೊದಲನೇ ಸಾಲಿನಾಗೈತೆ, ಇದು ಎರಡನೇದಕ್ಕೆ ಹೋಗೈತಲ್ರೀ.”

ಭಜನೆಯಲ್ಲಿ ಒಬ್ಬರು ಹಾಡಿದ ಸಾಲನ್ನು ಉಳಿದವರು ಮತ್ತೆ ಹಾಡುತ್ತಾರೆ. ಅವರು ಕೊಟ್ಟ ಸಾಹಿತ್ಯದಲ್ಲಿ ಪ್ರತಿ ಸಾಲೂ ಒಂದೇ ಸಲವಿತ್ತು. ಎರಡೆರಡು ಸಲ ಟೈಪ್ ಮಾಡಿದೆ, ಸರಿಹೋಯಿತು.

“ಸಾಹಿತ್ಯ ತಪ್ಪಿದ್ರೆ ಇದು ತಾನಾಗೇ ಹೇಳಲ್ವಾ?” ಎಂದು ಹಿರಿಯರು ಕೇಳಿದರು.

ನನಗೂ ಅನುಮಾನ ಹತ್ತಿತು. ಅದೇ ಭಜನೆಗೆ ಬೇಕಂತಲೇ ಯಾವುದೋ ಜೋಗುಳದ ಸಾಹಿತ್ಯ ಕೊಟ್ಟೆ. ಸಾಫ್ಟ್‌ವೇರ್ ಒಂದು ಮಾತೂ ಎತ್ತದೆ ಜೋಗುಳದ ಕೊನೆಯ ಪದದವರೆಗೂ ಬಣ್ಣ ಹಚ್ಚಿತು.

ಹಿರಿಯರು ಎದ್ದು ಟವೆಲ್ ಕೊಡವಿದರು. “ನಮ್ಮ ಹಾಡು ಇದು ಕೇಳೇ ಇಲ್ಲ ಬಿಡ್ರಿ.”