ಹೊಳೆ ಒಯ್ದ ಗಿರಣಿ, ಪುಸ್ತಕದಲ್ಲಿ ಉಳಿದ ಗಿರಣಿ

ನೆಮ್ಮಾರಿನ ಮಹಿಳಾ ಸಹಕಾರ ಸಂಘದ ಕಾರ್ಯದರ್ಶಿ ಸರೋಜ ಮಾತಿಗಿಂತ ಸಹಿಯನ್ನು ದೊಡ್ಡದೆಂದು ನಂಬಿದ ಹೆಂಗಸು. ಕೊಪ್ಪದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು, ಸಂಘ ಶುರುವಾದ ದಿನದಿಂದ ಅದರ ಲೆಕ್ಕ ಬರೆದವಳು. ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಆಸ್ತಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದಳು. ಬೀರು, ಎರಡು ಬೆಂಚು, ತಕ್ಕಡಿ, ಗಿರಣಿ, ಒಂದೊಂದನ್ನೂ ಕೈಯಿಂದ ಮುಟ್ಟಿ, ಕೆಂಪು ಬಣ್ಣದಲ್ಲಿ ಬರೆದ ನಂಬರನ್ನು ಜೋರಾಗಿ ಓದಿ, "ಕಂಡಿದ್ದೇನೆ" ಎಂಬ ಕಾಲಮ್ಮಿನಲ್ಲಿ ಸಹಿ ಹಾಕುವುದು ಅವಳ ಪದ್ಧತಿ. ಬೆಂಚನ್ನು ಮುಟ್ಟದೆ ಬರೆದರೆ ಅದೇನು ಓಡಿಹೋಗುತ್ತದೆಯೇ ಎಂದು ಹೆಂಗಸರು ನಗುತ್ತಿದ್ದರು. ನಕ್ಕರೆ ನಗಲಿ, ಅವಳು ಮುಟ್ಟದೆ ಬರೆದವಳಲ್ಲ.

ಎರಡು ಸಾವಿರದ ಎಂಟರ ಮಾರ್ಚಿನಲ್ಲಿ ನಾಲ್ಕನೆಯ ನಂಬರಿಗೆ ಬಂದಾಗ ಅವಳ ಪೆನ್ನು ನಿಂತುಬಿಟ್ಟಿತು. ಹಿಟ್ಟಿನ ಗಿರಣಿ ಹಿಂದಿನ ವರ್ಷ ಜುಲೈ ಕೊನೆಯಲ್ಲಿಯೇ ಹೋಗಿತ್ತು. ತುಂಗೆ ದಡ ಮೀರಿ ಶೆಡ್ಡಿಗೆ ನುಗ್ಗಿ, ಗೋಡೆಯೊಂದನ್ನು ಕೆಡವಿ, ಮೋಟಾರು ಸಮೇತ ಯಂತ್ರವನ್ನು ಎಳೆದುಕೊಂಡು ಹೋಗಿತ್ತು. ಉಳಿದದ್ದು ಸಿಮೆಂಟು ಕಟ್ಟೆಯ ನಾಲ್ಕು ಬೋಲ್ಟು, ಮೊಣಕಾಲೆತ್ತರ ಕೆಸರು. ವಿಮೆ ಇತ್ತು, ಪ್ರವಾಹಕ್ಕೂ ಸೇರಿಸಿ ಇತ್ತು. ಅರವತ್ತೆಂಟು ಸಾವಿರಕ್ಕೆ ಅರ್ಜಿಯೂ ಹೋಗಿತ್ತು. ವಿಮಾ ಕಂಪನಿಯ ಸರ್ವೇಯರ್ ಬಂದು, ಪ್ಯಾಂಟು ಮಡಚಿ ಕೆಸರಿಗಿಳಿದು, ಫೋಟೋ ತೆಗೆದು, "ನಾವು ಹೇಳುವವರೆಗೂ ಇಲ್ಲಿ ಏನನ್ನೂ ಮುಟ್ಟಬೇಡಿ" ಎಂದು ಹೇಳಿ ಹೋಗಿದ್ದ.

ಸರೋಜ ಮುಟ್ಟಲಿಲ್ಲ. ಯಾರನ್ನೂ ಮುಟ್ಟಗೊಡಲೂ ಇಲ್ಲ. ಕೆಸರು ಒಣಗಿ ಬಿರುಕು ಬಿಟ್ಟಿತು, ಅದರಲ್ಲಿ ಹುಲ್ಲು ಹುಟ್ಟಿತು, ಆ ಹುಲ್ಲನ್ನು ಮೇಯಲು ಬಂದ ದನವನ್ನೂ ಅವಳು ಓಡಿಸಿದಳು. ಶೆಡ್ಡನ್ನೇ ಮುಟ್ಟಬಾರದೆಂದ ಮೇಲೆ ಪುಸ್ತಕವನ್ನು ಮುಟ್ಟಬಹುದೇ? ಗಿರಣಿ ಇಲ್ಲ ಎಂದು ತಾನೇ ಬರೆದುಕೊಟ್ಟರೆ, "ನಿಮ್ಮ ಪುಸ್ತಕದಲ್ಲೇ ಇಲ್ಲದ್ದಕ್ಕೆ ನಾವೇಕೆ ಕೊಡೋಣ" ಎಂದು ಕಂಪನಿಯವರು ಕೈಯೆತ್ತಿಬಿಟ್ಟರೆ? ಇದೆ ಎಂದು ಬರೆಯಲು ಕಣ್ಣಿಗೆ ಕಾಣುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಹೊಳೆಯ ತಳದಲ್ಲಿರುವ ಯಂತ್ರಕ್ಕೆ ಈ ವರ್ಷದ ಸವಕಳಿ, ಅಂದರೆ ಸವೆದು ತಗ್ಗಿದ ಬೆಲೆ, ಕಳೆಯಬೇಕೋ ಬೇಡವೋ ಎಂಬುದಂತೂ ಅವಳ ನಿದ್ದೆಯನ್ನೇ ತಿಂದಿತು. ಕೊನೆಗೆ ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಅವಳ ಹೆದರಿಕೆ ಬರೀ ಪುಸ್ತಕದ್ದಲ್ಲ. ಗಿರಣಿ ನಡೆಸುತ್ತಿದ್ದವಳು ಗುಡ್ಡಮ್ಮ. ಆರು ವರ್ಷ ಹಿಟ್ಟಿನ ಧೂಳಿನಲ್ಲಿ ನಿಂತು, ಬೀಸಿದ ಕೂಲಿಯಲ್ಲಿ ಪಾಲು ಪಡೆದು ಬದುಕಿದವಳು. ಗಿರಣಿ ಹೋದ ಮೇಲೆ ಅಲ್ಲೊಂದು ಇಲ್ಲೊಂದು ದಿನಗೂಲಿ. ವಾರಕ್ಕೊಮ್ಮೆ ಸಂಘದ ಬಾಗಿಲಿಗೆ ಬಂದು, "ಗಿರಣಿ ಸುದ್ದಿ ಎಂತ ಸರೋಜಮ್ಮಾ?" ಎನ್ನುತ್ತಿದ್ದಳು.

"ಪುಸ್ತಕದಲ್ಲಿ ಇನ್ನೂ ಇದೆ ಮಾರಾಯ್ತಿ. ನೀನು ಹೆದರಬೇಡ. ದುಡ್ಡು ಬಂದ ಕೂಡಲೇ ಹೊಸದು ತರೋದೇ" ಎಂದು ಸರೋಜ ಪ್ರತಿ ಸಲವೂ ಹೇಳುತ್ತಿದ್ದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಪುಸ್ತಕದಲ್ಲಿ ಇದ್ದದ್ದು ನಿಜವೇ ತಾನೆ?

ಮೇ ತಿಂಗಳಲ್ಲಿ ಲೆಕ್ಕ ತಪಾಸಣೆಗೆ ಶ್ರೀಧರ ಎಂಬ ಆಡಿಟರು ಬಂದರು. ಅಧ್ಯಕ್ಷೆ ಅನ್ನಪೂರ್ಣೇಶ್ವರಿಯೂ ಬಂದು ಎದುರಿಗೆ ಕೂತರು. ಸದಸ್ಯರಿಗೆ ಡಿವಿಡೆಂಡ್ ಕೊಡದ ವರ್ಷ ತಮ್ಮ ಕಾಲದಲ್ಲಿ ಬರಕೂಡದೆಂಬುದು ಅವರ ಹಟ. ಖಾಲಿ ಸಾಲನ್ನು ನೋಡಿ ಆಡಿಟರು ಕನ್ನಡಕ ತೆಗೆದರು.

"ಇದೆಂತದು? ಇದೆಯೋ ಇಲ್ಲವೋ?"

"ಇಲ್ಲ ಸಾರ್. ಆದ್ರೆ ಕ್ಲೇಮು ಇದೆ" ಎಂದಳು ಸರೋಜ.

"ಗಿರಣಿ ಬೇರೆ, ಕ್ಲೇಮು ಬೇರೆ. ಹೊಳೆಗೆ ಹೋದ ದಿನವೇ ಗಿರಣಿ ಹೋಯ್ತು. ಆ ದಿನದವರೆಗೆ, ನಾಲ್ಕು ತಿಂಗಳ ಸವಕಳಿ ಕಳೀರಿ. ಉಳಿದದ್ದು ಎಷ್ಟು? ನಲವತ್ತೊಂದು ಸಾವಿರ ಚಿಲ್ಲರೆ. ಅದಿಷ್ಟೂ ಈ ವರ್ಷದ ನಷ್ಟ."

ಅನ್ನಪೂರ್ಣೇಶ್ವರಿ ಬಿಡುವವರಲ್ಲ. "ನಷ್ಟ ಹಾಕಿ ಬೇಕಾದ್ರೆ. ಬರಬೇಕಾದ ಅರವತ್ತೆಂಟು ಸಾವಿರಾನೂ ಈ ಕಡೆ ಹಾಕಿ. ಆಗ ಲಾಭವೇ ಆಗ್ತದಲ್ಲ!"

"ಕಂಪನಿಯವರು ಒಪ್ಪಿ ಕಾಗದ ಬರೆದಿದ್ದಾರಾ ಅಮ್ಮಾ?"

"ಅದು ಬತ್ತದೆ ಅಂತಾರೆ."

"ಬತ್ತದೆ ಅಂತಾರೆ ಅನ್ನೋದನ್ನ ಯಾವ ಖಾತೆಗೆ ಬರೀಲಿ? ನೀವು ಕೇಳಿದ್ದು ಅಷ್ಟು. ಅವರು ಎಷ್ಟು ಕೊಡ್ತಾರೋ, ಕೊಡ್ತಾರೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇಂಥ ಕ್ಲೇಮು ಹಾಕಿದ್ದೇವೆ, ತೀರ್ಮಾನ ಆಗಿಲ್ಲ ಅಂತ ಕೆಳಗೆ ಟಿಪ್ಪಣಿ ಬರೀರಿ. ಮಂಜೂರಾದ ವರ್ಷ ಆದಾಯ ಅಂತ ತೋರಿಸಿ."

ಉಳಿದ ವ್ಯವಹಾರದ ಲಾಭ ಇಪ್ಪತ್ತಾರು ಸಾವಿರ. ಅದು ಕೊಚ್ಚಿಹೋಗಿ ಹದಿನೈದು ಸಾವಿರ ಚಿಲ್ಲರೆ ನಷ್ಟ ಉಳಿಯಿತು. ಅಧ್ಯಕ್ಷೆ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ಸರೋಜಳಿಗೆ ಡಿವಿಡೆಂಡಿನ ಚಿಂತೆ ಇರಲಿಲ್ಲ, ಅವಳ ತಲೆಯಲ್ಲಿ ಸುತ್ತುತ್ತಿದ್ದುದು ಒಂದೇ.

"ಸಾರ್, ನಾವೇ ಪುಸ್ತಕದಿಂದ ಹೊಡೆದುಹಾಕಿದ್ರೆ ಅವರು ದುಡ್ಡು ಕೊಡ್ತಾರಾ? ಮುಟ್ಟಬೇಡಿ ಅಂದಿದ್ರು."

"ಹಳೇ ಸಾಲು ಅಳಿಸಿ ಅಂದ್ನಾ ನಾನು? ಕೊಂಡ ತಾರೀಕು, ಬೆಲೆ ಎಲ್ಲಾ ಹಾಗೇ ಇರ್ತದೆ. ಇಂಥ ದಿನ ಪ್ರವಾಹದಲ್ಲಿ ಹೋಯ್ತು ಅಂತ ಮುಂದೆ ಬರೀರಿ. ಹೋಗಿದೆ ಅಂತ ಅವರ ಹತ್ರ ದುಡ್ಡು ಕೇಳಿ, ಇದೆ ಅಂತ ಇಲ್ಲಿ ಬರೆದ್ರೇ ಅವರಿಗೆ ಸಂಶಯ ಬರೋದು. ಮತ್ತೆ ಮುಟ್ಟಬೇಡಿ ಅಂದದ್ದು ಪರಿಶೀಲನೆ ಮುಗಿಯೋವರೆಗೆ." ಅವರು ಫೈಲು ತಿರುವಿ ಒಂದು ಇಂಗ್ಲಿಷ್ ಕಾಗದ ಎಳೆದರು. "ಇದನ್ನ ಓದಿಲ್ವಾ? ಪರಿಶೀಲನೆ ಮುಗಿದಿದೆ, ಜಾಗ ಖಾಲಿ ಮಾಡಬಹುದು ಅಂತ ಸೆಪ್ಟೆಂಬರಲ್ಲೇ ಬರೆದಿದ್ದಾರೆ."

ಸರೋಜ ಓದಿದ್ದಳು. ಅದರಲ್ಲಿ ಹಣದ ಮೊತ್ತ ಕಾಣದ್ದರಿಂದ ಏನೂ ತೀರ್ಮಾನವಾಗಿಲ್ಲ ಎಂದುಕೊಂಡು ಫೈಲಿಗೆ ಸೇರಿಸಿದ್ದಳು. ದನ ಓಡಿಸಿದ ದಿನಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ನಾಲ್ಕನೆಯ ಸಾಲಿನಲ್ಲಿ "ಪ್ರವಾಹದಲ್ಲಿ ನಷ್ಟವಾಗಿದೆ" ಎಂದು ಬರೆದು ಸಹಿ ಹಾಕಿದಳು. ಎಷ್ಟೋ ತಿಂಗಳ ಭಾರ ಇಳಿದಂತಾಯಿತು.

ಆಡಿಟರು ಶೃಂಗೇರಿ ಬಸ್ಸು ಹತ್ತಿದ ಮೇಲೆ ಗುಡ್ಡಮ್ಮ ಬಂದಳು.

"ಗಿರಣಿ ಸುದ್ದಿ ಎಂತ ಸರೋಜಮ್ಮಾ?"

"ಹೋಯ್ತು ಅಂತ ಬರೆದೆ ಗುಡ್ಡಮ್ಮಾ."

"ದುಡ್ಡು?"

"ಬರ್ತದೋ ಇಲ್ವೋ ಗೊತ್ತಿಲ್ಲ. ಕೇಳ್ತಾ ಇರೋದು ಬಿಡಲ್ಲ. ಆದ್ರೆ ಗಿರಣಿ ಅಂತೂ ಇಲ್ಲ."

ಗುಡ್ಡಮ್ಮ ಹೊಸ್ತಿಲ ಮೇಲೆ ಕೂತಳು. ಅಳುತ್ತಾಳೆಂದು ಸರೋಜ ನೀರು ತರಲು ಎದ್ದಳು. ಅವಳು ಅಳಲಿಲ್ಲ.

"ದೀಪಾವಳಿ ಹೊತ್ತಿಗೆ ಶೃಂಗೇರಿ ಲಾಡ್ಜಿನವ್ರು ಅಡಿಗೆಮನೆ ಕೆಲ್ಸಕ್ಕೆ ಕರೆದಿದ್ರು. ತಿಂಗಳ ಸಂಬ್ಳ, ಎರಡೂ ಹೊತ್ತು ಊಟ. ಗಿರಣಿ ಪುಸ್ತಕದಲ್ಲಿದೆ, ಸರೋಜಮ್ಮ ಹೇಳಿದಾರೆ, ನಾ ಬಿಟ್ಟು ಬರಂಗಿಲ್ಲ ಅಂದ್ಬಿಟ್ಟೆ."

"ನಂಗೆ ಹೇಳ್ಲೇ ಇಲ್ವಲ್ಲೇ!"

"ಹೇಳೋದೆಂತಕ್ಕೆ? ನಿಮ್ಮ ಸಹಿ ಇರೋ ಪುಸ್ತಕದಲ್ಲಿ ಸುಳ್ಳಿರ್ತದಾ?"

ಸರೋಜ ನೀರಿನ ಚೊಂಬು ಹಿಡಿದು ಹೊಸ್ತಿಲಿಗೆ ಬಂದಳು. "ಈಗ ಹೋಗಿ ಕೇಳಿದ್ರೆ? ನಾನೂ ಬತ್ತೆ."

"ಬೇರೆಯವ್ಳು ಸೇರಿ ಆರು ತಿಂಗ್ಳಾಯ್ತು" ಎಂದಳು ಗುಡ್ಡಮ್ಮ, ಸಿಟ್ಟಿಲ್ಲದೆ. ಚೊಂಬು ಇಸಿದುಕೊಂಡು ನೀರು ಕುಡಿದಳು.