ಕಿವಿ ಮಷಿನ್ನಿನ ಒಂಬತ್ತು ಕಂತು

ನಮ್ಮ ಅತ್ತೆಗೆ ಕಿವಿ ಮಂದವಾಗಿ ನಾಲ್ಕು ವರ್ಷವಾಗಿತ್ತು. ಅವರಿಗೆ ಕೇಳಲೆಂದು ಕೂಗಿ ಕೂಗಿ ನಮ್ಮ ಮನೆಯ ಗುಟ್ಟೆಲ್ಲ ಮೂಡಲಗಿಯ ಇಡೀ ಓಣಿಗೆ ಗೊತ್ತಾಗಿತ್ತು. ಕೊನೆಗೆ ಗೋಕಾಕಿಗೆ ಕರೆದೊಯ್ದು ಕಿವಿ ಮಷಿನ್ ಕೊಡಿಸಿದೆ. ನಲವತ್ತೈದು ಸಾವಿರ, ಕ್ರೆಡಿಟ್ ಕಾರ್ಡಿನಲ್ಲಿ, ಒಂಬತ್ತು ಕಂತಿಗೆ. ಅತ್ತೆಗೆ ಮಾತ್ರ ನಾಲ್ಕು ಸಾವಿರ ಎಂದೆ. ಸಾಲಿ ಕಲಿಸುವವಳು ಸುಳ್ಳು ಹೇಳಬಾರದು, ಆದರೆ ಖರೆ ಹೇಳಿದ್ದರೆ ಅವರು ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಮುಂದಿನ ವಾರ ಕಾರ್ಡಿನ ಬಿಲ್ ಬಂತು. ಕಂತಿನ ಸುದ್ದಿಯೇ ಇಲ್ಲ. ಇಡೀ ನಲವತ್ತೈದು ಸಾವಿರವನ್ನು ಹದಿನೆಂಟು ದಿನದೊಳಗೆ ಕಟ್ಟಬೇಕಂತೆ. ನನ್ನ ಪಗಾರದಲ್ಲಿ ಆಗದ ಮಾತು. ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೂತೆ. "ಮೇಡಂ, ನಿಮ್ಮ ನಲವತ್ತೈದು ಸಾವಿರ ಕಂತಾಗಿಲ್ಲ" ಎಂದಳು ಆ ಕಡೆಯ ಹುಡುಗಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಷಿನ್ ಚಲೋ ಕೆಲಸ ಮಾಡುತ್ತಿತ್ತು.

ಅತ್ತೆ ಬಂದು ಮಷಿನ್ ಬಿಚ್ಚಿ ಡಬ್ಬಿಗೆ ಹಾಕಿದರು. "ತಿಂಗಳದಾಗ ವಾಪಸ್ ತಗೋತೇನಿ ಅಂದಾನಲ್ಲ ಅಂಗಡ್ಯಾವ. ಕೊಟ್ಟು ಬಾ."

"ಕಂತ ಆಗ್ತಾವರಿ ಅತ್ತಿ, ತಡೀರಿ!" ಎಂದು ಕೂಗಿದೆ.

"ಆದ ಮ್ಯಾಲೆ ಹೇಳು. ಅಲ್ಲೀತನ ನಾ ಹಾಕ್ಕೊಳ್ಳಾಂಗಿಲ್ಲ."

ಬ್ಯಾಂಕಿನ ಹುಡುಗಿ ದೂರು ನಂಬರ್ ಕೊಟ್ಟಳು. ಪೂರ್ತಿ ಹಣ ಕಟ್ಟಿಬಿಟ್ಟರೆ ಆಮೇಲೆ ಕಂತಾಗುವುದಿಲ್ಲ ಎಂದು ಎಚ್ಚರಿಸಿ, ಕಾರ್ಡ್ ಉಜ್ಜಿದಾಗ ಬಂದ ಚೀಟಿಯ ಫೋಟೊ ಕೇಳಿದಳು. ಚೀಟಿ ದೇವರ ಜಗಲಿಯ ಮೇಲಿತ್ತು. ಹೊಸ ಸಾಮಾನಿನ ಚೀಟಿಗೆ ವಿಭೂತಿ ಹಚ್ಚಿ ದೀಪದ ಬಾಜೂ ಇಡುವುದು ಅತ್ತೆಯ ಪದ್ಧತಿ. ಆ ಕಾಗದಕ್ಕೋ ಬಿಸಿ ಆಗಿಬರುವುದಿಲ್ಲ. ದೀಪದ ಕಾವಿಗೆ ಒಂದಕ್ಷರ ಕಾಣದಂತೆ ಕಪ್ಪಾಗಿತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಶನಿವಾರ ಸಾಲಿ ಬಿಟ್ಟೊಡನೆ ಗೋಕಾಕಿನ ಬಸ್ಸು ಹತ್ತಿದೆ. ಅಂಗಡಿಯವರು ತಮ್ಮ ಚೀಟಿಗಳ ಕಟ್ಟು ಬಿಚ್ಚಿ ಹುಡುಕಿದರು. ಅವರ ಪ್ರತಿಯಲ್ಲಿ ಒಂಬತ್ತು ತಿಂಗಳ ಕಂತು ಎಂದು ಸ್ಪಷ್ಟವಾಗಿತ್ತು. "ನಾ ಒತ್ತಿದ್ದು ಬರೋಬರಿ ಐತ್ರಿ ಅಕ್ಕಾರ, ಬ್ಯಾಂಕಿನ್ಯಾಗ ಎಲ್ಲೋ ಸಿಕ್ಕೊಂಡೈತಿ" ಎಂದರು. ಅಲ್ಲೇ ಫೋಟೊ ತೆಗೆದು, ದೂರು ನಂಬರ್ ಬರೆದು, ಬ್ಯಾಂಕಿಗೆ ಮೇಲ್ ಕಳಿಸಿದೆ.

ಬ್ಯಾಂಕಿನವರು ಏಳು ಕೆಲಸದ ದಿನ ಬೇಕು ಎಂದರು. ದಿನಾ ಸಂಜೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಅತ್ತೆ ಕಿವಿ ಕಾಣದಂತೆ ತಲೆತುಂಬ ಸೆರಗು ಹೊದ್ದು, ಏನೂ ಕೇಳದವರ ಹಾಗೆ ಕಾಳು ಹಸನು ಮಾಡುತ್ತ ಕೂತಿರುತ್ತಿದ್ದರು. ಮಷಿನ್ ಹೋಗಿಬಿಟ್ಟರೆ ಮತ್ತೆ ಹೀಗೇ ಇರುತ್ತಾರಲ್ಲ ಎಂದು ಮರುದಿನ ಮತ್ತೆ ಫೋನ್ ಹಚ್ಚುತ್ತಿದ್ದೆ.

ಕಡೆಯ ದಿನಾಂಕಕ್ಕೆ ಮೂರು ದಿನವಿರುವಾಗ ಸಂದೇಶ ಬಂತು: ಕಂತಾಗಿದೆ, ಈ ತಿಂಗಳು ಮೊದಲ ಕಂತಷ್ಟೇ ಕಟ್ಟಿ. ನಾನು ಓಡಿ ಹೋಗಿ, ಓಣಿಗೆಲ್ಲ ಕೇಳುವಂತೆ, "ಕಂತ ಆದುವರಿ ಅತ್ತೀ!" ಎಂದು ಒದರಿದೆ.

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. "ಒದರಬ್ಯಾಡ, ಕೇಳಸ್ತೈತಿ. ಆ ಹುಡುಗಿ ನಿನಗ ಹನ್ನೊಂದು ಸಲ ಕಾಯ್ರಿ ಅಂದ್ಲು. ಎಣಿಸೇನಿ."