ಹನ್ನೊಂದು ಕಾಗದ, ಒಂದೇ ವಿಳಾಸ

ಕೋಲಾರದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ನಾನು ಗುಮಾಸ್ತೆ. ಫೀಸು ಬಾಕಿ ಇರುವ ಪೋಷಕರಿಗೆ ಫೋನ್ ಮಾಡುವುದೂ ನನ್ನದೇ ಕೆಲಸ. ಎತ್ತಿದವರೆಲ್ಲ "ನಾಳೆ ಬರ್ತೀನಿ ಮೇಡಂ" ಅನ್ನುತ್ತಾರೆ. ಆ ನಾಳೆ ಎಂದೂ ಬರುವುದಿಲ್ಲ. ಬೇಸತ್ತು, ಯೂಟ್ಯೂಬ್ ನೋಡಿ ಕಲಿತು, ಬ್ರೌಸರಿನಲ್ಲಿ ತೆರೆಯುವ ನಮ್ಮ ಫೀಸಿನ ಶೀಟಿಗೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದೆ.

ಶೀಟಿನಲ್ಲಿ ಮಗುವಿಗೊಂದು ಸಾಲು. ಸ್ಕ್ರಿಪ್ಟ್ ಪ್ರತಿ ಸಾಲನ್ನೂ ನೋಡುತ್ತದೆ. ಬಾಕಿ ಇದ್ದರೆ ಮಗುವಿನ ಹೆಸರು, ತರಗತಿ, ಮೊತ್ತಗಳನ್ನು ನಾನು ಬರೆದಿಟ್ಟ ಕಾಗದದ ಖಾಲಿ ಜಾಗಗಳಲ್ಲಿ ತುಂಬಿ, ಅದೇ ಸಾಲಿನ ಇಮೇಲ್ ವಿಳಾಸಕ್ಕೆ ಕಳಿಸುತ್ತದೆ. ಕೊನೆಯ ಕಾಲಮ್ಮಿನಲ್ಲಿ 'ಕಳಿಸಿದೆ' ಎಂದು ಬರೆದುಕೊಳ್ಳುತ್ತದೆ, ಮತ್ತೆ ಓಡಿಸಿದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ನನ್ನ ಗಂಡನಿಗೂ ಇಷ್ಟು ಜ್ಞಾಪಕಶಕ್ತಿ ಇಲ್ಲ.

ಆ ವಾರವೇ ಕ್ಯಾಲನೂರಿನ ಆಚೆಯ ಹಳ್ಳಿಯಿಂದ ಒಬ್ಬ ತಾಯಿ ಬಂದಿದ್ದರು. ಗಂಡ ಇಲ್ಲ, ಎರಡು ಸೀಮೆಹಸು, ಎಂಟನೇ ಕ್ಲಾಸಿನ ಮಗಳು. ಮೇಜಿಗೆ ಬಗ್ಗಿ ಮೆಲ್ಲಗೆ ಹೇಳಿದರು: "ಮೇಡಂ, ಡೈರಿಯಿಂದ ಹಾಲಿನ ಬಿಲ್ಲಿನ ದುಡ್ಡು ಬಂದೇಟ್ಗೆ ಕಟ್ತೀನಿ. ಬಾಕಿ ಇರೋದು ಊರಲ್ಲಿ ಯಾರ್ಗೂ ತಿಳೀಬಾರ್ದು. ಹೆಣ್ಣುಡ್ಗೀಗೆ ಇಷ್ಟು ದುಡ್ಡು ಸುರೀಬೇಕಾ ಅಂತ ನಮ್ ಭಾವ್ನೋರು ಸ್ಕೂಲೇ ಬಿಡ್ಸಿಬಿಡ್ತಾರೆ."

"ಇನ್ಮೇಲೆ ಫೋನೂ ಮಾಡಲ್ಲಮ್ಮ. ಇಮೇಲ್ ಬರುತ್ತೆ, ನಿಮಗೊಬ್ಬರಿಗೇ" ಎಂದೆ. ಆಕೆ ಇಮೇಲ್ ನೋಡಿದವರಲ್ಲ. ಆದರೆ ಅಡ್ಮಿಷನ್ ಫಾರಂನಲ್ಲಿ ವಿಳಾಸವೊಂದು ಇತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಮೊದಲು ನನ್ನದೇ ವಿಳಾಸ ಹಾಕಿ ಪರೀಕ್ಷಿಸಿದೆ. ನನ್ನ ಹೆಸರಿನಲ್ಲಿ ಮೇಲ್ ಕಳಿಸಲು ಅದು ಅನುಮತಿ ಕೇಳಿತು, ಕೊಟ್ಟೆ. ಕಾಗದ ಬಂತು, ಒಂದಕ್ಷರ ತಪ್ಪಿಲ್ಲ. ಆಮೇಲೆ ಇಡೀ ಶೀಟಿಗೆ ಓಡಿಸಿದೆ. ಎರಡು ನಿಮಿಷವೂ ಆಗಲಿಲ್ಲ. ಜಂಬದಿಂದ ಕ್ಯಾಂಟೀನಿಗೆ ಹೋಗಿ ಮಸಾಲೆ ದೋಸೆ ತಿಂದೆ.

ಮರುದಿನ ಬೆಳಿಗ್ಗೆ ಆ ಹಳ್ಳಿಯ ಹಾಲಿನ ಡೈರಿಯ ಸೆಕ್ರೆಟರಿ ಫೋನ್ ಮಾಡಿದರು.

"ಮೇಡಂ, ನಮ್ ಡೈರಿಗೆ ಹನ್ನೊಂದು ಕಾಗದ ಬಂದವೆ. ಎಲ್ಲಾ ಪ್ರಿಂಟ್ ತೆಗ್ದು, ಹಾಲು ಹಾಕಕ್ಕೆ ಬಂದಾಗ ಒಬ್ಬೊಬ್ಬರ ಹೆಸರು ಕೂಗಿ ಓದಿ ಹೇಳ್ಬಿಟ್ಟೆ. ಯಾರ್ದೂ ಬಿಟ್ಟಿಲ್ಲ."

ಊರಿನವರ ಅರ್ಜಿಗಳನ್ನೆಲ್ಲ ತುಂಬಿಕೊಡುವವರು ಅವರೇ. ಇಮೇಲ್ ಎಂಬ ಜಾಗ ಬಂದಾಗಲೆಲ್ಲ ಡೈರಿಯದನ್ನೇ ಬರೆಯುವುದು ಅಲ್ಲಿಯ ರೂಢಿಯಂತೆ. ಸ್ಕ್ರಿಪ್ಟಿನ ತಪ್ಪೇನಿಲ್ಲ, ಅದಕ್ಕೆ ಸಾಲು ಬೇರೆಯಾದರೆ ಮನುಷ್ಯರೂ ಬೇರೆ. ಒಂದೇ ವಿಳಾಸ ಹನ್ನೊಂದು ಸಲ ಇರುವುದು ಕಣ್ಣಿರುವ ನನಗಾದರೂ ಕಾಣಬೇಕಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಯನ್ನು ಸಿಟ್ಟು ಮಾಡಿಕೊಂಡು ಆ ಒಳ್ಳೆಯ ಮನುಷ್ಯನ ಮೇಲೆ ಹರಿಹಾಯ್ದೆ. "ಇನ್ನೊಬ್ಬರ ಕಾಗದ ಓದಬಾರದು ಅಂತ ಗೊತ್ತಾಗಲ್ವಾ ನಿಮಗೆ?"

"ಆಗ್ಲಿ ಮೇಡಂ, ಇನ್ಮೇಲೆ ಓದಲ್ಲ" ಎಂದರು, ಪಾಪ.

ನಾಲ್ಕನೇ ದಿನ ಆ ತಾಯಿ ಬಂದರು. ಬಿಲ್ಲು ಬಂದಿತ್ತು. ದುಡ್ಡು ಮೇಜಿನ ಮೇಲಿಟ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಟೀಸಿ ತಗೊಂಬಾ ಅಂತವ್ರೆ ನಮ್ ಭಾವ್ನೋರು. ಕಟ್ಟಿದೀನಿ ಅಂದ್ರೆ ನಂಬಲ್ಲ, ರಸೀದಿ ತೋರ್ಸಿದ್ರೆ ಸಾಲ ಮಾಡಿದ್ಯಾ ಅಂತಾರೆ. ಊರೆದ್ರಿಗೆ ಹೋಗಿದ್ ಮಾನ ಊರೆದ್ರಿಗೇ ಬರ್ಬೇಕು. ನಿಮ್ ಕಂಪ್ಯೂಟ್ರಿಗೆ ಬಾಕಿ ಕೇಳಕ್ಕೆ ಬರ್ತದಲ್ಲ, ಕಟ್ಟಿದ್ದು ಹೇಳಕ್ಕೆ ಬರಲ್ವಾ?"

ಬರುತ್ತಿರಲಿಲ್ಲ. ಬಾಕಿ ಸೊನ್ನೆಯಾದವರ ಸಾಲನ್ನು ಅದು ಸುಮ್ಮನೆ ದಾಟಿಹೋಗುತ್ತಿತ್ತು. ನಾನೇ ಹಾಗೆ ಬರೆದಿದ್ದೆ. ಆಕೆಯನ್ನು ಕೂರಿಸಿಕೊಂಡೇ ಇನ್ನೊಂದು ಷರತ್ತು ಸೇರಿಸಿದೆ: ಬಾಕಿ ಸೊನ್ನೆಯಿದ್ದು, 'ವಂದನೆ' ಎಂಬ ಹೊಸ ಕಾಲಮ್ಮು ಖಾಲಿಯಿದ್ದರೆ, ಪೂರ್ತಿ ಫೀಸು ಸಂದಿದೆ ಎಂಬ ಕಾಗದ ಹೋಗಲಿ. ಆಕೆಯ ದುಡ್ಡು ಜಮಾ ಮಾಡಿ, ಕಣ್ಣೆದುರಿಗೇ ಓಡಿಸಿದೆ. ಹೋಯಿತು.

ಮರುದಿನ ಆಕೆಯದೇ ಫೋನು. "ಮೇಡಂ, ಸೆಕ್ರೆಟ್ರಿ ಕಾಗದಾನ ನಾಲ್ಕು ಮಡಿಕೆ ಮಡ್ಚಿ, ಕೈಯಲ್ಲಿಟ್ಟು ಸುಮ್ನಾಗ್ಬಿಟ್ರು. ಓದಿ ಅಂದ್ರೆ, ಮೇಡಂ ಬೈತಾರೆ ಅಂತವ್ರೆ. ಬಾಕಿ ಇದ್ದದ್ದು ಊರಿಗೆಲ್ಲ ಕೇಳಿಸ್ತು, ಕಟ್ಟಿದ್ದು ಮಾತ್ರ ಗುಟ್ಟಾ?"

ಮಾರನೆಯ ದಿನ ಮೊದಲ ಬಸ್ಸು ಹತ್ತಿದೆ. ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲು, ಆ ಸಾಲಿನಲ್ಲಿ ಆಕೆಯ ಭಾವನೂ ಇದ್ದರು. ಮೆಟ್ಟಿಲು ಹತ್ತಿ, ಪ್ರಿಂಟ್ ತೆಗೆದು ತಂದಿದ್ದ ಅದೇ ಕಾಗದ ಬಿಚ್ಚಿ, ಮಗುವಿನ ಹೆಸರು, ತಾಯಿಯ ಹೆಸರು, ತರಗತಿ, ಕಟ್ಟಿದ ಮೊತ್ತ, ಕೊನೆಯ ವಂದನೆಯ ತನಕ ಗಂಟಲು ಹರಿಯುವಂತೆ ಓದಿದೆ.

ಆ ತಾಯಿ ತಲೆ ಎತ್ತದೆ ಹಾಲು ಸುರಿಯುತ್ತಿದ್ದರು.

"ಇನ್ನೊಂದ್ಸಲ ಓದಿ ಮೇಡಂ" ಎಂದರು. "ಹಿಂದಿರೋರಿಗೆ ಕೇಳಿಸ್ಲಿಲ್ಲ."